ಇಟ್ಟಿಗೆ ಎಲ್ಲಿಗೆ? ಬುಟ್ಟಿಗೆ!

ಬಾಲವಾಡಿಯಲ್ಲಿ ಹೆಚ್ಚಿನ ಗಲಾಟೆ ಏಳುವುದು ಆಟ ಮುಗಿದು ಖಿಚಡಿಯ ತಟ್ಟೆ ಕೈಗೆ ಬರುವ ನಡುವಿನ ಹತ್ತು ನಿಮಿಷದಲ್ಲಿ. ಮುಂಬೈಯಲ್ಲಿ ಆ ಹತ್ತು ನಿಮಿಷ ಇನ್ನೂ ಇಕ್ಕಟ್ಟು. ಒಂದೇ ಕೋಣೆ, ಇಪ್ಪತ್ತು ಮಕ್ಕಳು, ಹೊರಗೆ ಒಂದು ನಲ್ಲಿ, ಒಬ್ಬ ಟೀಚರ್, ಒಬ್ಬ ಮೌಶಿ. ಎಷ್ಟೋ ಕಡೆ ಅದೇ ಕೋಣೆಯನ್ನು ಮುಂದಿನ ಪಾಳಿಯವರಿಗೆ ಬಿಟ್ಟುಕೊಡಬೇಕಾದ್ದರಿಂದ ಆಟದ ಸಾಮಾನು ನೆಲದಲ್ಲಿ ಉಳಿಯುವಂತಿಲ್ಲ. ಮಹಾನಗರ ಪಾಲಿಕೆ ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಶಾಲೆ ನಡೆಸುವ ಊರು ಇದು. ಕನ್ನಡದ ಬಾಲವಾಡಿಗೆ ಬರುವ ಮಕ್ಕಳಲ್ಲೂ ಒಬ್ಬರ ಮನೆಮಾತು ತುಳು, ಇನ್ನೊಬ್ಬರದು ಕಲಬುರಗಿ ಕಡೆಯ ಕನ್ನಡ, ಓಣಿಯಲ್ಲಿ ಎಲ್ಲರದೂ ಹಿಂದಿ-ಮರಾಠಿ. ‘ಬೇಗ ಎತ್ತಿಡಿ’ ಎಂದು ಕೂಗಿದರೆ ಅರ್ಧ ಮಕ್ಕಳಿಗಷ್ಟೇ ತಲುಪುತ್ತದೆ. ಒಂದು ಸದ್ದು, ಒಂದು ಕೈಸನ್ನೆ, ಒಂದು ರಾಗ ಎಲ್ಲರಿಗೂ ತಲುಪುತ್ತವೆ.

ಸದ್ದು ಮತ್ತು ಹಾಡು, ಇವೆರಡರ ಕೆಲಸ ಬೇರೆ ಬೇರೆ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಸದ್ದು ಕೈಯನ್ನು ನಿಲ್ಲಿಸುತ್ತದೆ, ಹಾಡು ಕೈಗೆ ಹೊಸ ಕೆಲಸ ಕೊಡುತ್ತದೆ. ಹಾಡಿನಿಂದಲೇ ನಿಲ್ಲಿಸಲು ಹೊರಟರೆ ಮೊದಲ ಸಾಲು ಗದ್ದಲದಲ್ಲಿ ಮುಳುಗಿ, ಟೀಚರ್ ಇನ್ನೂ ಜೋರಾಗಿ ಹಾಡಬೇಕಾಗುತ್ತದೆ.

ಸದ್ದಿನ ಆಯ್ಕೆ

ಶಾಲೆಯ ಗಂಟೆಯಂತೆ ಕೇಳುವ ಯಾವುದೂ ಬೇಡ. ಅದು ದಿನವಿಡೀ ದೊಡ್ಡ ಮಕ್ಕಳಿಗಾಗಿ ಬಾರಿಸುತ್ತಲೇ ಇರುತ್ತದೆ. ಚಪ್ಪಾಳೆಯೂ ಬೇಡ, ಆಟದಲ್ಲಿ ಮಕ್ಕಳೇ ತಟ್ಟುತ್ತಿರುತ್ತಾರೆ. ಭಜನೆಯ ಸಣ್ಣ ತಾಳ ನನಗೆ ಎಲ್ಲಕ್ಕಿಂತ ಒಳ್ಳೆಯದೆನಿಸಿದೆ: ತೀಕ್ಷ್ಣವಾದ ನಾದ, ಲೋಕಲ್ ರೈಲಿನ ಸದ್ದಿನಲ್ಲೂ ಕಳೆದುಹೋಗುವುದಿಲ್ಲ, ನಿಧಾನವಾಗಿ ಕರಗುತ್ತದೆ. ಒಮ್ಮೆ ಮಾತ್ರ ಬಾರಿಸಿ, ಕೈ ಮೇಲೆತ್ತಿ, ನಾದ ಪೂರ್ತಿ ಅಡಗುವವರೆಗೆ ನೀವೂ ಸುಮ್ಮನಿರಿ. ಕಂಡ ಮಗು ತಾನೂ ಕೈ ಎತ್ತಲಿ. ಎರಡನೇ ಸಲ ಬಾರಿಸಬೇಡಿ. ಬಾರಿಸಿದರೆ ಮೊದಲನೆಯದಕ್ಕೆ ಕಿವಿಗೊಡಬೇಕಿಲ್ಲ ಎಂದು ಮಕ್ಕಳು ಕಲಿತುಬಿಡುತ್ತಾರೆ. ಕೇಳದ ಮಗುವಿನ ಬಳಿ ಹೋಗಿ ಭುಜ ಮುಟ್ಟಿದರೆ ಸಾಕು. ಜುಲೈಯಲ್ಲಿ ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ತಾಳವೂ ಕೇಳಿಸದು. ಅಂಥ ದಿನಕ್ಕೆ ಕೋಣೆಯ ದೀಪವನ್ನು ಒಮ್ಮೆ ಆರಿಸಿ ಹಾಕಿ, ಜೊತೆಗೆ ಅದೇ ಕೈಸನ್ನೆ ಮಾಡಿ. ಕೈಸನ್ನೆಯನ್ನು ಜೂನ್‌ನಲ್ಲೇ ರೂಢಿ ಮಾಡಿಸಬೇಕೆನ್ನುವುದು ಇದಕ್ಕೇ.

ಸದ್ದಿಗೂ ಮುಂಚೆ ಒಂದು ಸಣ್ಣ ಕೆಲಸವಿದೆ. ‘ಇನ್ನು ಐದು ನಿಮಿಷ’ ಎಂದು ಇಡೀ ಕೋಣೆಗೆ ಸಾರುವುದರಿಂದ ನಾಲ್ಕು ವರ್ಷದ ಮಗುವಿಗೆ ಏನೂ ತಿಳಿಯದು, ಅದಕ್ಕೆ ನಿಮಿಷದ ಅಳತೆಯೇ ಇಲ್ಲ. ಕೆಳಗೆ ಕೂತು, ಆಟದ ಭಾಷೆಯಲ್ಲೇ ಹೇಳಿ: ‘ಇನ್ನೆರಡು ಇಟ್ಟಿಗೆ ಇಡು, ಆಮೇಲೆ ತಾಳ ಬಾರಿಸುತ್ತೇನೆ.’ ಎತ್ತರದ ಗೋಪುರ ಅರ್ಧದಲ್ಲಿದ್ದರೆ ಕಿಟಕಿಯ ಕಟ್ಟೆಯಲ್ಲಿ ಒಂದೇ ಒಂದು ‘ನಾಳೆಗೆ’ ಜಾಗ ಇಟ್ಟುಕೊಳ್ಳಿ. ಮಣೆಯ ಮೇಲೆ ಕಟ್ಟಿದ್ದನ್ನು ಹಾಗೆಯೇ ಎತ್ತಿ ಅಲ್ಲಿಡಬಹುದು. ಅಳು ಬರುವುದು ಹೆಚ್ಚಾಗಿ ಕಟ್ಟಿದ್ದು ಮುರಿಯುವುದಕ್ಕೆ, ಎತ್ತಿಡುವ ಕೆಲಸಕ್ಕಲ್ಲ.

ಹಾಡು ಕಟ್ಟುವ ಬಗೆ

ಕೆಲಸದ ಹಾಡಿಗೆ ನಾಲ್ಕು ಸಾಲು ಸಾಕು. ಪ್ರಶ್ನೆ ನಿಮ್ಮದು, ಉತ್ತರ ಮಕ್ಕಳದು. ಸಾಮಾನು ಮತ್ತು ಅದರ ಜಾಗ ಎರಡೂ ಸಾಲಿನಲ್ಲಿ ಬರಬೇಕು, ಕೊನೆಯ ಸಾಲು ಮುಂದಿನ ಚಟುವಟಿಕೆಗೆ ಒಯ್ಯಬೇಕು. ಹೀಗೆ:

ಇಟ್ಟಿಗೆ ಎಲ್ಲಿಗೆ? — ಬುಟ್ಟಿಗೆ, ಬುಟ್ಟಿಗೆ!
ಗೊಂಬೆಯು ಎಲ್ಲಿಗೆ? — ತೊಟ್ಟಿಲಿಗೆ!
ಚಾಪೆಯು ಎಲ್ಲಿಗೆ? — ಗೋಡೆಯ ಮೂಲೆಗೆ!
ನಾವೀಗ ಎಲ್ಲಿಗೆ? — ನಲ್ಲಿಗೆ, ನಲ್ಲಿಗೆ!

ಕನ್ನಡ ಅಷ್ಟಾಗಿ ಬಾರದ ಮಗುವೂ ‘ಬುಟ್ಟಿಗೆ, ಬುಟ್ಟಿಗೆ’ ಎಂದು ಎರಡನೇ ದಿನಕ್ಕೇ ಕೂಗುತ್ತದೆ. ಮೂರ್ನಾಲ್ಕು ಸ್ವರ ಮೀರದ ಸರಳ ರಾಗ ಹಾಕಿ, ನಿಮ್ಮ ಮಾತಿನ ಶ್ರುತಿಗಿಂತ ಸ್ವಲ್ಪ ಮೇಲೆ ಹಾಡಿ. ತಗ್ಗಿನಲ್ಲಿ ಹಾಡಿದರೆ ಮಕ್ಕಳ ಗಂಟಲು ಅಲ್ಲಿಗೆ ಇಳಿಯದೆ, ಹಾಡುವ ಬದಲು ಕಿರುಚುತ್ತಾರೆ. ಈ ಹಾಡನ್ನು ಬೇರೆ ಯಾವ ಹೊತ್ತಿಗೂ ಬಳಸಬೇಡಿ. ವಾರ್ಷಿಕೋತ್ಸವದ ವೇದಿಕೆಗೆ ಖಂಡಿತ ಬೇಡ.

ಕಲಿಸುವುದಕ್ಕೂ ಕ್ರಮವಿದೆ. ಮೊದಲ ಮೂರ್ನಾಲ್ಕು ದಿನ ವೃತ್ತದಲ್ಲಿ ಕೂತು ಬರೀ ಹಾಡು. ಬಳಿಕ ಒಂದೇ ಬುಟ್ಟಿ, ಹತ್ತು ಇಟ್ಟಿಗೆ ಇಟ್ಟು ಆಟವಾಗಿ ಅಭ್ಯಾಸ. ಆಮೇಲೆಯೇ ನಿಜವಾದ ಎತ್ತಿಡುವಿಕೆ. ಅಷ್ಟರೊಳಗೆ ಪ್ರತಿ ಬುಟ್ಟಿಗೂ ಅದರ ಸಾಮಾನಿನ ಚಿತ್ರ ಅಂಟಿಸಿರಬೇಕು. ಜಾಗವೇ ಗೊತ್ತಿಲ್ಲದ ಸಾಮಾನನ್ನು ಹಾಡು ಒಳಗೆ ಸೇರಿಸಲಾರದು. ಕಿವಿ ಕೇಳದ ಮಗುವಿಗೂ, ಸದ್ದಿಗೆ ಬೆಚ್ಚಿ ಕಿವಿ ಮುಚ್ಚಿಕೊಳ್ಳುವ ಮಗುವಿಗೂ ಅದೇ ಚಿತ್ರದ ಚೀಟಿಯನ್ನು ಕೈಯಲ್ಲಿ ಕೊಟ್ಟರೆ ದಾರಿ ತಿಳಿಯುತ್ತದೆ.

ಹಾಡುವಾಗ ನಿಮ್ಮ ಕೈಯಲ್ಲೂ ಇಟ್ಟಿಗೆ ಇರಲಿ. ಟೀಚರ್ ಹಾಜರಿ ಪುಸ್ತಕ ಬರೆಯುತ್ತಾ ಹಾಡಿದರೆ ಮಕ್ಕಳು ಹಾಡುತ್ತಾರೆ, ಎತ್ತುವುದಿಲ್ಲ. ಮೊಬೈಲಿನಲ್ಲಿ ಹಾಡು ಹಾಕುವುದೂ ಇದೇ ಕಾರಣಕ್ಕೆ ಸೋಲುತ್ತದೆ: ಅದು ಮಗುವಿಗಾಗಿ ಕಾಯುವುದಿಲ್ಲ, ನೀವು ಹಾಡಿದರೆ ಕೊನೆಯ ಇಟ್ಟಿಗೆವರೆಗೂ ಸಾಲನ್ನು ಎಳೆಯಬಹುದು. ‘ಯಾರು ಫಸ್ಟ್’ ಎಂಬ ಪಂದ್ಯ ಇಟ್ಟರೆ ಇಟ್ಟಿಗೆಗಳು ಬುಟ್ಟಿಗೆ ಹಾರಿ ಬೀಳುತ್ತವೆ, ಒಮ್ಮೊಮ್ಮೆ ಪಕ್ಕದವರ ತಲೆಗೂ.

ನಲ್ಲಿಯ ಮುಂದೆ

ಇಲ್ಲಿ ಲೆಕ್ಕ ಹಾಕಲೇಬೇಕು. ಸಾಬೂನು ಹಚ್ಚಿ ತೊಳೆಯಲು ಒಂದು ಮಗುವಿಗೆ ಅರ್ಧ ನಿಮಿಷ ಎಂದರೂ, ಇಪ್ಪತ್ತು ಮಕ್ಕಳ ಸಾಲಿನಲ್ಲಿ ಕೊನೆಯವನು ಹತ್ತಿರ ಹತ್ತಿರ ಹತ್ತು ನಿಮಿಷ ಬರಿದೇ ನಿಲ್ಲುತ್ತಾನೆ. ತಳ್ಳಾಟ, ಕೂದಲೆಳೆತ ಹುಟ್ಟುವುದು ಅಲ್ಲೇ. ಇಂಥ ಸಾಲಿಗೆ ಯಾವ ಹಾಡೂ ಮದ್ದಲ್ಲ, ಸಾಲನ್ನೇ ತೆಗೆಯಬೇಕು. ನಾಲ್ವರನ್ನು ಮೌಶಿಯ ಜೊತೆ ಕಳಿಸಿ. ನಾಲ್ವರೂ ಒಟ್ಟಿಗೆ ಸಾಬೂನು ಹಚ್ಚಿಕೊಳ್ಳಲಿ, ಮೌಶಿ ಚೆಂಬಿನಿಂದ ಒಬ್ಬೊಬ್ಬರಿಗೆ ನೀರು ಹಾಕಲಿ. ಉಳಿದ ಹದಿನಾರು ಮಕ್ಕಳು ವೃತ್ತದಲ್ಲಿ ಕೂತು ನಿಮ್ಮೊಡನೆ ಬೆರಳಾಟದಲ್ಲಿರಲಿ.

ಮುಂದಿನ ನಾಲ್ವರನ್ನು ಕರೆಯಲು ಮಾಂಟೆಸೊರಿಯವರ ಮೌನದ ಆಟದಿಂದ ಒಂದು ಉಪಾಯ ಎರವಲು ಪಡೆಯಬಹುದು. ಅಲ್ಲಿ ಎಲ್ಲರೂ ಸದ್ದಿಲ್ಲದೆ ಕೂತಿರುವಾಗ ಟೀಚರ್ ಒಂದೊಂದೇ ಹೆಸರನ್ನು ಪಿಸುಮಾತಿನಲ್ಲಿ ಕರೆಯುತ್ತಾರೆ, ಮಗು ಮೆಲ್ಲಗೆ ಎದ್ದು ಬರುತ್ತದೆ. ಇಲ್ಲಿ ಹಾಗೆಯೇ ಪಿಸುಗುಟ್ಟಿ ನಾಲ್ಕು ಹೆಸರು ಕರೆಯಿರಿ. ತನ್ನ ಹೆಸರು ಬರಬಹುದೆಂಬ ನಿರೀಕ್ಷೆಯಲ್ಲಿ ಕೋಣೆ ತಾನಾಗಿ ತಣ್ಣಗಾಗುತ್ತದೆ. ದಿನವೂ ಅದೇ ಮಗು ಕೊನೆಗೆ ಉಳಿಯದಂತೆ ಮಾತ್ರ ನೋಡಿಕೊಳ್ಳಿ.

ಕೆಲಸ ಕೆಟ್ಟಾಗ

ಹಾಡನ್ನು ಎರಡು ಬಾರಿ ಹಾಡಿದ ಮೇಲೂ ನೆಲದಲ್ಲಿ ಅರ್ಧ ಸಾಮಾನು ಉಳಿದರೆ ಮಕ್ಕಳನ್ನು ದೂರಬೇಡಿ. ಹೊರಗೆ ತೆಗೆದದ್ದೇ ಹೆಚ್ಚಾಗಿದೆ. ನಾಳೆ ಎರಡು ಬುಟ್ಟಿ ಕಡಿಮೆ ತೆಗೆಯಿರಿ. ತಾಳ ಕೇಳಿದೊಡನೆ ಬಚ್ಚಲಿಗೆ ಓಡುವ ಮಗುವಿದ್ದರೆ ಅದಕ್ಕೆ ಪ್ರತಿದಿನ ಒಂದೇ ನಿಶ್ಚಿತ ಕೆಲಸ ಕೊಡಿ, ಉದಾಹರಣೆಗೆ ಚಾಪೆ ಸುತ್ತುವುದು. ದೀಪಾವಳಿ ರಜೆಯ ನಂತರ ಎಲ್ಲ ಮರೆತಂತಾಗುತ್ತದೆ, ಆಗ ಹತ್ತು ಇಟ್ಟಿಗೆಯ ಅಭ್ಯಾಸಕ್ಕೆ ಎರಡು ದಿನ ಮರಳಿ.

ಮನೆಯಲ್ಲಿ, ಹತ್ತಡಿ ಕೋಣೆಯ ಚಾಳಿನಲ್ಲೂ, ಇದೇ ಹಾಡು ನಡೆಯುತ್ತದೆ. ಫೋನಿನ ವಿಷಯ ಮಾತ್ರ ಬೇರೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರದೆ ನೋಡುತ್ತಿದ್ದ ಪುಟ್ಟ ಮಕ್ಕಳಿಗೆ ‘ಇನ್ನೆರಡು ನಿಮಿಷ’ ಎಂದು ಮುಂಚೆ ಹೇಳಿದಾಗ ರಂಪ ಹೆಚ್ಚಾದದ್ದು ಕಂಡಿತು. ಕಾರ್ಯಕ್ರಮ ತಾನಾಗಿ ಮುಗಿಯುವ ಜಾಗದಲ್ಲಿ ನಿಲ್ಲಿಸಿದಾಗ ಮಕ್ಕಳು ಸುಲಭವಾಗಿ ಎದ್ದರು. ಹಾಗಾಗಿ ಮುಂದಿನ ವಿಡಿಯೊ ತಾನಾಗಿ ಶುರುವಾಗುವ ವ್ಯವಸ್ಥೆಯನ್ನು ಮೊದಲು ಬಂದ್ ಮಾಡಿ. ಒಂದು ವಿಡಿಯೊ ಮುಗಿದು ಪರದೆ ನಿಂತ ಮೇಲೆ ಮೊದಲ ಸಾಲು ಎತ್ತಿಕೊಳ್ಳಿ: ‘ಫೋನಿದು ಎಲ್ಲಿಗೆ?’