ಉಳಿದ ವಾಶ್ ಯಾರ ಲೆಕ್ಕಕ್ಕೆ?

ಹೊಳವನಹಳ್ಳಿಯ ಸುತ್ತ ಓಡಾಡುವ ಕಾರಿಗೆ ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು ತಪ್ಪಿದ್ದಲ್ಲ. ಕೊಳೆಯಾದಾಗ ವಾಟರ್ ಸರ್ವೀಸ್‌ಗೆ ಬಿಟ್ಟು, ಕೈಮೇಲೆ ಕಾಸು ಕೊಟ್ಟು ಬರುವುದು ಇಲ್ಲಿನ ರೂಢಿ. ಇಲ್ಲಿಂದ ತುಮಕೂರಿಗೆ ಓಡಾಡುವ ಈ ಅಂಕಣಕಾರನ ಮುಂದೆ ವಾಟರ್ ಸರ್ವೀಸ್ ಅಂಗಡಿಯವರೊಬ್ಬರು ತಿಂಗಳ ಪ್ಲಾನಿನ ಕಾರ್ಡ್ ಹಿಡಿದರು.

ನಾಲ್ಕು ವಾಶ್‌ಗೆ ಸಣ್ಣ ಕಾರಿಗೆ 1,000 ರೂಪಾಯಿ, ಮಧ್ಯಮಕ್ಕೆ 1,200, ದೊಡ್ಡದಕ್ಕೆ 1,600. ಬಿಡಿ ವಾಶ್ ಆದರೆ ಕ್ರಮವಾಗಿ 350, 400, 500. ನಾಲ್ಕೂ ಸಲ ಹೋದರೆ ಮೂವರಿಗೂ ಉಳಿತಾಯ 400 ರೂಪಾಯಿಯೇ. ಒಂದು ಸಲ ತಪ್ಪಿದರೆ ಮಾತ್ರ ಲೆಕ್ಕ ಬೇರೆಯಾಗುತ್ತದೆ. ಸಣ್ಣ ಕಾರಿನವರಿಗೆ ಆಗಲೂ 50 ರೂಪಾಯಿ ಲಾಭ, ಮಧ್ಯಮದವರಿಗೆ ಲಾಭವೂ ಇಲ್ಲ ನಷ್ಟವೂ ಇಲ್ಲ, ದೊಡ್ಡ ಕಾರಿನವರಿಗೆ 100 ರೂಪಾಯಿ ಕೈಬಿಟ್ಟಂತೆ.

ಇನ್ನು ಯಾವುದು ಸಣ್ಣದು, ಯಾವುದು ಮಧ್ಯಮ? ಮಾರುತಿ ಡಿಜೈರ್, ಬ್ರೆಝಾ ಎರಡರ ಉದ್ದವೂ 3,995 ಮಿಲಿಮೀಟರ್. ಆದರೂ ಬ್ರೆಝಾ ಒಂದು ಮೆಟ್ಟಿಲು ಮೇಲೆ. ಅಂಗಡಿಯವರ ಕಾರಣವೂ ಸುಳ್ಳಲ್ಲ: ಎತ್ತರದ ಗಾಡಿಯ ಟಾಪ್ ಉಜ್ಜಲು ಹುಡುಗ ಸ್ಟೂಲ್ ಹತ್ತಬೇಕು, ಏಳು ಸೀಟಿನದಾದರೆ ಮ್ಯಾಟು, ವ್ಯಾಕ್ಯೂಮ್ ಕೆಲಸ ಎಲ್ಲವೂ ಹೆಚ್ಚು. ಹಾಗಾಗಿ ಉದ್ದ ತೋರಿಸಿ ವಾದಿಸಿ ಫಲವಿಲ್ಲ. ನಿಮ್ಮ ಗಾಡಿಯ ಹೆಸರು ಯಾವ ದರದ ಕೆಳಗಿದೆ ಎಂದು ಮೊದಲೇ ಕೇಳಿಕೊಂಡರೆ ಸಾಕು.

ನಿಜವಾದ ಜಾಣತನ ಇರುವುದು ಕಾರ್ಡಿನ ಹಿಂಬದಿಯಲ್ಲಿ. ಉಳಿದ ವಾಶ್‌ಗಳಲ್ಲಿ ಒಂದು ಮಾತ್ರ ಮುಂದಿನ ತಿಂಗಳಿಗೆ ಹೋಗುತ್ತದೆ, ಅದೂ ಪ್ಲಾನ್ ಮುಂದುವರಿಸಿದರೆ, ಹತ್ತನೇ ತಾರೀಖಿನೊಳಗೆ ಬಳಸಿದರೆ. ಐದನೇ ತಾರೀಖು ನೀವು ಹೋದಿರೆನ್ನಿ. ಆ ದಿನ ಕಳೆಯುವುದು ಹಳೆಯ ವಾಶ್ ಆದರೆ ಹೊಸ ನಾಲ್ಕೂ ಹಾಗೇ ಇರುತ್ತವೆ. ಹೊಸದರಲ್ಲಿ ಕಳೆದರೆ, ಮತ್ತೊಂದು ಸಲ ಹೋಗದಿದ್ದಲ್ಲಿ ಹಳೆಯದು ಹತ್ತಕ್ಕೆ ಸತ್ತುಹೋಗುತ್ತದೆ. ಯಾವುದು ಮೊದಲು ಎಂದು ಕಾರ್ಡಿನಲ್ಲಿ ಬರೆದೇ ಇರಲಿಲ್ಲ.

ಕೂಡಿಡಲು ಬಿಟ್ಟರೆ ಏನಾಗುತ್ತದೆ ಎಂದು ಅಂಗಡಿಯವರನ್ನು ಕೇಳಿದರೆ ಉತ್ತರ ಒಂದೇ ಪದ: “ಆಯುಧಪೂಜೆ!” ಉಳಿಸಿಕೊಂಡವರೆಲ್ಲ ಅಂದೇ ಸಾಲುಗಟ್ಟಿದರೆ ಕಾಸು ಕೊಡುವ ಗಿರಾಕಿಗೆ ಜಾಗವಿರುವುದಿಲ್ಲ. ಜನ ಬಾರದೆ ಉಳಿದ ವಾಶ್ ಅಂಗಡಿಯವರ ಲಾಭ ಎಂಬುದೂ ನಿಜ. ಅದನ್ನು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇಲ್ಲ.

ಅಂಗಡಿಯೇ ತೊಳೆಯಲಾಗದಿದ್ದರೆ? 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತ್ತು. ಬೋರ್‌ವೆಲ್ ನಂಬಿದ ಮಧುಗಿರಿ, ಪಾವಗಡದ ಕಡೆ ನೀರು ನಿಲ್ಲಲು ಆದೇಶವೂ ಬೇಕಿಲ್ಲ. ಅಂಥ ದಿನಗಳಷ್ಟು ಪ್ಲಾನಿನ ಅವಧಿ ಮುಂದೆ ಹೋಗಬೇಕು.

ತಿಂಗಳಿಗೆ ಎರಡು ಸಲಕ್ಕಿಂತ ಹೆಚ್ಚು ತೊಳೆಸದ ಅಂಕಣಕಾರ ಬಿಡಿ ವಾಶನ್ನೇ ಉಳಿಸಿಕೊಂಡ. ವಾರವಾರ ಹೋಗುವವರು ಪ್ಲಾನ್ ತೆಗೆದುಕೊಳ್ಳಬಹುದು. ಹಣ ಕೊಡುವ ಮುನ್ನ ‘ಹಳೆಯದು ಮೊದಲು ಕಳೆಯಬೇಕು’ ಎಂದು ಕಾರ್ಡಿನ ಮೇಲೆ ಬರೆಸಿಕೊಳ್ಳಿ.