ಸಹ-ಅರ್ಜಿದಾರ ಮತ್ತು ಜಾಮೀನುದಾರ: ಸಾಲದಲ್ಲಿ ಯಾರ ಹೊಣೆ ಎಷ್ಟು?

1. ಉದಾಹರಣೆ (ಕಲ್ಪಿತ): ಗಂಗಾವತಿಯ ಭತ್ತದ ರೈತ ಟ್ರ್ಯಾಕ್ಟರಿಗೆ 8 ಲಕ್ಷ ರೂ. ಸಾಲ ಪಡೆಯುತ್ತಾನೆ. ಹೆಂಡತಿ ಸಹ-ಅರ್ಜಿದಾರಳು, ಯಲಬುರ್ಗಾದ ಭಾವಮೈದುನ ಜಾಮೀನುದಾರ.

2. ಸಹ-ಅರ್ಜಿದಾರ: ಸಾಲ ಅವಳದ್ದೂ ಹೌದು. ಮೊದಲ ಕಂತಿನಿಂದಲೇ ಹೊಣೆ, ಆದಾಯವೂ ಸಾಲದ ಲೆಕ್ಕಕ್ಕೆ ಸೇರಬಹುದು. ಸಿಬಿಲ್ ವರದಿಯಲ್ಲಿ ಇದು ಜಂಟಿ ಖಾತೆ.

3. ಜಾಮೀನುದಾರ: ಸಾಲ ಅವನದ್ದಲ್ಲ, ಭರವಸೆ ಅವನದ್ದು. ಭಾರತೀಯ ಕರಾರು ಕಾಯ್ದೆ 1872, ಕಲಂ 126ರಲ್ಲಿ ವ್ಯಾಖ್ಯೆಯಿದೆ. ಕಲಂ 128: ಕರಾರಿನಲ್ಲಿ ಬೇರೆ ಹೇಳದಿದ್ದರೆ ಅವನ ಹೊಣೆ ಸಾಲಗಾರನಷ್ಟೇ. ಪೂರ್ತಿ ತೀರಿಸಿದರೆ ಬ್ಯಾಂಕಿನ ಹಕ್ಕುಗಳು ಅವನಿಗೆ ಬರುತ್ತವೆ (ಕಲಂ 140).

4. ಗೊಂದಲದ ಅಂಶ: "ಸಾಲಗಾರನ ಆಸ್ತಿ ಹರಾಜಾದ ಮೇಲೆಯೇ ಜಾಮೀನುದಾರನ ಸರದಿ" ಎಂಬುದು ಸಾಮಾನ್ಯವಾಗಿ ತಪ್ಪು. ಸಾಲಗಾರ ತಪ್ಪಿದ ಕೂಡಲೇ ಬ್ಯಾಂಕ್ ನೇರವಾಗಿ ಜಾಮೀನುದಾರನನ್ನು ಕೇಳಬಹುದು.

5. ಕಂತು ತಡವಾದರೆ ವಿಳಂಬದ ದಿನಗಳು ಹೆಂಡತಿಯ ವರದಿಗೂ ಬರುತ್ತವೆ. ಜಾಮೀನು ಖಾತೆಯಡಿ ಭಾವಮೈದುನನ ವರದಿಯಲ್ಲೂ ಕಾಣುತ್ತವೆ, ಅಂಕ ಕುಸಿಯಬಹುದು. ಕಂತು ಸರಿಯಾಗಿದ್ದರೂ ಅವನು ಕುಷ್ಟಗಿಯಲ್ಲಿ ಮನೆ ಸಾಲ ಕೇಳಿದಾಗ ಆ 8 ಲಕ್ಷವನ್ನು ಸಂಭಾವ್ಯ ಹೊಣೆಯಾಗಿ ಬ್ಯಾಂಕ್ ಎಣಿಸಬಹುದು.

6. ಸಿಬಿಲ್ ಅಂಕ: 300ರಿಂದ 900. ಸಾಲ ಮಾಹಿತಿ ಕಂಪನಿಗಳ ಕಾಯ್ದೆ: 2005.

7. ಸಹ-ಅರ್ಜಿದಾರಳಾದ ಮಾತ್ರಕ್ಕೆ ಟ್ರ್ಯಾಕ್ಟರಿನ ಸಹ-ಮಾಲೀಕಳಾಗುವುದಿಲ್ಲ. ಮಾಲೀಕತ್ವ ತಿಳಿಯಲು ಆರ್‌ಸಿ ನೋಡಬೇಕು.