ಮುಂಗಡ ಕೇಳಿದ್ದಾರೆ, ಯಾವ ಕಾಗದ ಪಡೆಯಲಿ?

ಪ್ರಶ್ನೆ: ಬಳಿಚಕ್ರದಲ್ಲಿ ಜೆರಾಕ್ಸ್ ಅಂಗಡಿ ಇಡುತ್ತಿದ್ದೇನೆ, ಜಿಎಸ್‌ಟಿ ನೋಂದಣಿ ಇದೆ. ಹೈದರಾಬಾದಿನ ವ್ಯಾಪಾರಿ ಜೆರಾಕ್ಸ್ ಯಂತ್ರಕ್ಕೆ ಪ್ರೊಫಾರ್ಮಾ ಇನ್ವಾಯ್ಸ್ ಕಳಿಸಿ ₹40,000 ಮುಂಗಡ ಕೇಳುತ್ತಿದ್ದಾರೆ. ಇದೇ ಬಿಲ್ಲೇ?

ಉತ್ತರ: ಅಲ್ಲ. ಪ್ರೊಫಾರ್ಮಾ ಎಂದರೆ ‘ಇಷ್ಟಕ್ಕೆ ಕೊಡುತ್ತೇನೆ’ ಎಂಬ ಲಿಖಿತ ದರಪಟ್ಟಿ ಮಾತ್ರ. ಯಂತ್ರಕ್ಕೆ ₹1,00,000, ಶೇ 18ರಂತೆ ಐಜಿಎಸ್‌ಟಿ ₹18,000, ಒಟ್ಟು ₹1,18,000 ಎಂದು ಅದರಲ್ಲಿದ್ದರೂ ಆ ₹18,000ಕ್ಕೆ ನಿಮಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ.

ಹಣ ಹಾಕುವ ಮೊದಲು ಅದರಲ್ಲಿನ ಜಿಎಸ್‌ಟಿ ಸಂಖ್ಯೆಯನ್ನು gst.gov.in ನಲ್ಲಿ ಹುಡುಕಿ. ತೆಲಂಗಾಣದ್ದು 36ರಿಂದ ಶುರುವಾಗಬೇಕು. ಅಲ್ಲಿ ಕಾಣುವ ಹೆಸರು ಮತ್ತು ಬ್ಯಾಂಕ್ ಖಾತೆಯ ಹೆಸರು ಹೊಂದಬೇಕು. ಖಾತೆ ಬೇರೊಬ್ಬರ ಹೆಸರಲ್ಲಿದ್ದರೆ ಹಣ ಹಾಕಬೇಡಿ.

₹40,000 ಹಾಕಿದ ದಿನವೇ ರಸೀದಿ ವೋಚರ್ ಕೇಳಿ. ಹಣ ಮುಟ್ಟಿದ್ದಕ್ಕೆ ಅದು ಸಾಕ್ಷಿ. ಪ್ರೊಫಾರ್ಮಾ ಸಂಖ್ಯೆಯನ್ನೂ ಅದರಲ್ಲಿ ಬರೆಸಿಕೊಳ್ಳಿ. ಅದರಿಂದಲೂ ಕ್ರೆಡಿಟ್ ಬರುವುದಿಲ್ಲ. ಆದರೆ ವ್ಯವಹಾರ ಮುರಿದರೆ ಹಣ ವಾಪಸು ಕೇಳಲು ಬೇಕಾಗುವುದು ಇದೇ.

ಯಂತ್ರ ಹೊರಡುವಾಗ ಟ್ಯಾಕ್ಸ್ ಇನ್ವಾಯ್ಸ್ ಬರಬೇಕು. ಅದು ಬಾಕಿ ₹78,000ಕ್ಕಲ್ಲ, ಪೂರ್ತಿ ₹1,18,000ಕ್ಕೆ ಇರಬೇಕು. ಮುಂಗಡವನ್ನು ಕೆಳಗೆ ಕಳೆದು ತೋರಿಸಲಿ. ಅದರಲ್ಲಿ ಕ್ರಮಸಂಖ್ಯೆ, ದಿನಾಂಕ, ನಿಮ್ಮ 29ರಿಂದ ಶುರುವಾಗುವ ಜಿಎಸ್‌ಟಿ ಸಂಖ್ಯೆ ಇವೆಯೇ ನೋಡಿ. ಯಂತ್ರ ಕೈಸೇರಿ, ಆ ಬಿಲ್ಲು ನಿಮ್ಮ GSTR-2B ನಲ್ಲಿ ಕಂಡ ಮೇಲೆಯೇ ₹18,000 ಕ್ರೆಡಿಟ್ ತೆಗೆದುಕೊಳ್ಳಿ.

ಸರಕಿನ ಮುಂಗಡಕ್ಕೆ ಸಾಮಾನ್ಯ ವ್ಯಾಪಾರಿ ಆಗಲೇ ಜಿಎಸ್‌ಟಿ ಕಟ್ಟಬೇಕಿಲ್ಲ. 2017ರ ನವೆಂಬರ್‌ನಿಂದ ಈ ವಿನಾಯಿತಿ ಇದೆ. ಹಾಗಾಗಿ ‘ಮುಂಗಡದ ಮೇಲೆ ಬೇರೆ ತೆರಿಗೆ ಕೊಡಿ’ ಎಂದರೆ ಒಪ್ಪಬೇಡಿ.